ಮಾರಾಟ ಪೂರ್ತಿ ನಮ್ಮ ಸೈಟ್‌ನಲ್ಲೇ ಆಗೋದು, ಆದ್ರೂ ಆಡಿಟರ್ ಕಮಿಷನ್ ಮಾತ್ರ ರೆವಿನ್ಯೂ ಅಂತಾರೆ, ಯಾಕೆ?

ಹೊಸಲೆಡ್ಜರ್

ಎಲ್ರಿಗೂ ನಮಸ್ಕಾರ. ಒಂದು ಸಣ್ಣ ಆನ್‌ಲೈನ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಅಕೌಂಟ್ಸ್ ನೋಡ್ಕೊಳ್ತೀನಿ, ಸೇರಿ ಎಂಟು ತಿಂಗಳಾಯ್ತು, ವರ್ಷದ ಲೆಕ್ಕ ಮುಗಿಸೋದು ಇದೇ ಮೊದಲ ಸಲ. ನಮ್ಮಲ್ಲಿ ಒಂದು ಆರ್ಡರ್ 1000ದ್ದು ಅಂತ ಇಟ್ಕೊಳ್ಳಿ. ಗಿರಾಕಿ 1000 ಕಟ್ತಾರೆ, ಅದು ನಮ್ಮ ಬ್ಯಾಂಕ್ ಖಾತೆಗೇ ಬರುತ್ತೆ, ನಾವು 120 ಕಮಿಷನ್ ಹಿಡ್ಕೊಂಡು ಉಳಿದ 880ನ್ನ ಸೆಲ್ಲರ್‌ಗೆ ಕಳಿಸ್ತೀವಿ. ನಾನು 1000 ರೆವಿನ್ಯೂ, 880 ಖರ್ಚು, 120 ಲಾಭ ಅಂತ ಹಾಕಿದ್ದೆ. ಆಡಿಟರ್ ಬಂದು ಅದನ್ನ ಪೂರ್ತಿ ತೆಗೆಸಿ ರೆವಿನ್ಯೂ 120 ಅಷ್ಟೇ ಅಂದ್ರು. ನೀವು ಬೇರೆಯವ್ರ ಪರವಾಗಿ ಮಾರಿಸಿಕೊಡೋ ಏಜೆಂಟ್, ಸ್ವಂತವಾಗಿ ಮಾರೋ ಪ್ರಿನ್ಸಿಪಾಲ್ ಅಲ್ಲ ಅಂದ್ರು, ಅದರ ಮೇಲೆ ಜಾಸ್ತಿ ಹೇಳೋಕೆ ಅವ್ರಿಗೆ ಟೈಮ್ ಇರ್ಲಿಲ್ಲ. ಈಗ ನಮ್ಮ ಮ್ಯಾನೇಜ್‌ಮೆಂಟ್‌ನವ್ರು ನನ್ನನ್ನ ಕೇಳ್ತಿದ್ದಾರೆ, ಇಷ್ಟು ದೊಡ್ಡ ಮಾರಾಟ ಎಂಟರಲ್ಲೊಂದು ಭಾಗಕ್ಕೆ ಹೇಗೆ ಇಳೀತು ಅಂತ. ಅವ್ರಿಗೆ ಏನು ಹೇಳ್ಬೇಕು ಅಂತ ನನಗೇ ಸರಿಯಾಗಿ ಗೊತ್ತಿಲ್ಲ. ದುಡ್ಡು ಬಂದಿದ್ದು ನಮ್ಗೆ, ಗಿರಾಕಿ ಬಂದಿದ್ದು ನಮ್ಮ ಸೈಟ್‌ಗೆ, ಕಂಪ್ಲೇಂಟ್ ಬಂದ್ರೆ ಫೋನ್ ಎತ್ತೋದೂ ನಾವೇ. ಮತ್ತೆ ಮಾರಾಟ ನಮ್ಮದಲ್ಲ ಅಂದ್ರೆ ಹೇಗೆ?

ಕೋಡುಕಟ್ಟೋನು

ನಾನು ಪೇಮೆಂಟ್ ಸಿಸ್ಟಮ್ ಬರೆಯೋನು, ಅಕೌಂಟ್ಸ್ ಅಲ್ಲ. ಆದ್ರೆ ನನ್ನ ಪ್ರಕಾರ ದುಡ್ಡು ಯಾರ ಖಾತೆಗೆ ಮೊದಲು ಬೀಳುತ್ತೋ ಅವ್ರೇ ಪ್ರಿನ್ಸಿಪಾಲ್. ನಿಮ್ಮ ಖಾತೆಗೆ 1000 ಬಂದಿದೆ ಅಂದ್ಮೇಲೆ 1000 ನಿಮ್ಮ ರೆವಿನ್ಯೂನೇ. ಗಿರಾಕಿ ನೇರವಾಗಿ ಸೆಲ್ಲರ್‌ಗೆ ಕಟ್ಟಿ ಸೆಲ್ಲರ್ ನಿಮ್ಗೆ 120 ಕೊಟ್ಟಿದ್ರೆ ಆಗ ಕಮಿಷನ್ ಮಾತ್ರ. ಆಡಿಟರ್‌ಗೆ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ.

ತಾಳೆಪಟ್ಟಿ

ಕೋಡುಕಟ್ಟೋರೇ, ತುಂಬಾ ಜನ ಹಾಗೇ ಅಂದ್ಕೋತಾರೆ, ಅದಕ್ಕೇ ಮೊದಲು ಅದನ್ನೇ ಬಿಡಿಸ್ತೀನಿ. ದುಡ್ಡು ಯಾವ ದಾರೀಲಿ ಬಂತು ಅನ್ನೋದಕ್ಕೂ ಮಾರಾಟ ಯಾರದು ಅನ್ನೋದಕ್ಕೂ ಸಂಬಂಧ ಇಲ್ಲ. ಬಂದ 1000ದಲ್ಲಿ 880 ಬಂದ ಕ್ಷಣದಿಂದಲೇ ಇನ್ನೊಬ್ಬರಿಗೆ ಕೊಡಬೇಕಾದ ಸಾಲ. ಎಂಟ್ರಿ ಹೀಗೆ ಬರುತ್ತೆ: ಬ್ಯಾಂಕ್ ಡೆಬಿಟ್ 1000, ಸೆಲ್ಲರ್‌ಗೆ ಕೊಡಬೇಕಾದ್ದು ಕ್ರೆಡಿಟ್ 880, ಕಮಿಷನ್ ಕ್ರೆಡಿಟ್ 120. ಆ 880 ಲಾಭನಷ್ಟದ ಪಟ್ಟಿಗೆ ಬರೋದೇ ಇಲ್ಲ, ಬ್ಯಾಲೆನ್ಸ್ ಶೀಟ್‌ನಲ್ಲಿ ಹುಟ್ಟಿ ಸೆಲ್ಲರ್‌ಗೆ ಕಳಿಸಿದ ದಿನ ಅಲ್ಲೇ ಮುಗಿಯುತ್ತೆ.

ಹೊಸಲೆಡ್ಜರ್ ಅವ್ರೇ, ರೆವಿನ್ಯೂ ಲೆಕ್ಕಕ್ಕಿರೋ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಫ್‌ಆರ್‌ಎಸ್ 15ರಲ್ಲಿ (ಅಮೆರಿಕದ ಎಎಸ್‌ಸಿ 606ರಲ್ಲೂ ಹೆಚ್ಚುಕಮ್ಮಿ ಅದೇ) ಕೇಳೋ ಮುಖ್ಯ ಪ್ರಶ್ನೆ ಒಂದೇ. ಆ ವಸ್ತು ಗಿರಾಕಿ ಕೈ ಸೇರೋ ಮುಂಚೆ ಅದರ ಹಿಡಿತ ನಿಮ್ಮ ಹತ್ರ ಇತ್ತಾ? ಹಿಡಿತ ಅಂದ್ರೆ ಪೆಟ್ಟಿಗೆ ನಿಮ್ಮ ಗೋಡೌನ್‌ನಲ್ಲಿ ಇದ್ದಿದ್ದು ಅಲ್ಲ. ಆ ವಸ್ತುವನ್ನ ಏನು ಮಾಡ್ಬೇಕು, ಯಾರಿಗೆ ಕೊಡ್ಬೇಕು, ಅದರಿಂದ ಬರೋ ಲಾಭ ಯಾರು ತಗೋಬೇಕು ಅಂತ ನೀವು ತೀರ್ಮಾನ ಮಾಡೋ ಸ್ಥಿತಿಯಲ್ಲಿ ಇದ್ರಾ ಅಂತ. ನಿಮ್ಮ 1000ದ ಆರ್ಡರ್‌ನಲ್ಲಿ ಸೆಲ್ಲರ್ ತನ್ನ ಮನೆಯಿಂದ ಪಾರ್ಸೆಲ್ ಕಳಿಸ್ತಾರೆ, ಬೆಲೆ ಅವ್ರೇ ಹಾಕಿದ್ದು, ಬೇಡ ಅನಿಸಿದ್ರೆ ನಿನ್ನೆ ರಾತ್ರಿನೇ ಲಿಸ್ಟಿಂಗ್ ತೆಗೆದು ಬೇರೆ ಕಡೆ ಮಾರಬಹುದಿತ್ತು. ನೀವು ತಡೆಯೋಕೆ ಆಗ್ತಿತ್ತಾ? ಇಲ್ಲ ಅಲ್ವಾ. ಅಂದ್ರೆ ಆ ವಸ್ತು ಒಂದು ಕ್ಷಣಕ್ಕೂ ನಿಮ್ಮ ಹಿಡಿತಕ್ಕೆ ಬರ್ಲಿಲ್ಲ. ನೀವು ಮಾರಿದ್ದು ವಸ್ತು ಅಲ್ಲ, ಮಾರಿಸಿಕೊಡೋ ಸೇವೆ, ಅದರ ಬೆಲೆ 120.

ನೂಲುಬುಟ್ಟಿ

ಇದನ್ನ ಓದಿ ನನಗೆ ಭಯ ಆಯ್ತು. ನಾನು ಕೈಯಲ್ಲಿ ಹೆಣೆದ ಬ್ಯಾಗ್ ಮಾಡಿ ಇಂಥದ್ದೇ ಒಂದು ಸೈಟ್‌ನಲ್ಲಿ ಮಾರ್ತೀನಿ. ನನ್ನ ಖಾತೆಗೆ ಬರೋದು 880 ಮಾತ್ರ, ಅದಕ್ಕೇ ಎರಡು ವರ್ಷದಿಂದ ನಾನು ಮಾರಾಟ 880 ಅಂತಾನೇ ಬರ್ಕೊಂಡು ಬಂದಿದ್ದೀನಿ. ಕಮಿಷನ್ ಮಾತ್ರ ತೋರಿಸ್ಬೇಕು ಅಂದ್ರೆ ನಾನು 120 ತೋರಿಸ್ಬೇಕಿತ್ತಾ? ಬ್ಯಾಗ್ ಮಾಡಿದ್ದು ನಾನಲ್ವಾ?

ತಾಳೆಪಟ್ಟಿ

ನೂಲುಬುಟ್ಟಿ ಮೇಡಂ, ಗಾಬರಿ ಆಗ್ಬೇಡಿ, ಇಲ್ಲಿ ಮಾತಾಡ್ತಿರೋದು ಸೈಟ್‌ನವ್ರ ಲೆಕ್ಕ. ನಿಮ್ಮದು ಅದರ ಇನ್ನೊಂದು ಮಗ್ಗುಲು. ಬ್ಯಾಗ್‌ನ ಹಿಡಿತ ನಿಮ್ಮದೇ, ಆದ್ದರಿಂದ ಪ್ರಿನ್ಸಿಪಾಲ್ ನೀವೇ. ನಿಮ್ಮ ಮಾರಾಟ 1000, ಸೈಟ್‌ಗೆ ಕೊಟ್ಟ 120 ನಿಮ್ಮ ಖರ್ಚು. ಕೈಗೆ ಬಂದದ್ದು 880 ಅನ್ನೋದು ಸರಿ, ಆದ್ರೆ ಅದು ಮಾರಾಟದ ಮೊತ್ತ ಅಲ್ಲ. ಲಾಭದಲ್ಲಿ ವ್ಯತ್ಯಾಸ ಬರಲ್ಲ, ಮಾರಾಟದ ಸಾಲು ಮಾತ್ರ ಕಮ್ಮಿ ಕಾಣ್ತಾ ಬಂದಿದೆ. ಸೈಟ್‌ನವ್ರು ತಿಂಗಳಿಗೊಮ್ಮೆ ಕೊಡೋ ಸೆಟಲ್‌ಮೆಂಟ್ ಶೀಟ್‌ನಲ್ಲಿ ಆರ್ಡರ್ ಮೊತ್ತ, ಕಮಿಷನ್, ರಿಟರ್ನ್ ಎಲ್ಲ ಬೇರೆ ಬೇರೆ ಕಾಲಮ್ ಇರುತ್ತೆ, ಬ್ಯಾಂಕ್‌ಗೆ ಬಂದ ಮೊತ್ತ ಬಿಟ್ಟು ಆ ಶೀಟ್ ಹಿಡಿದು ಬರ್ಕೊಳ್ಳಿ. ಹಿಂದಿನ ಎರಡು ವರ್ಷದ್ದನ್ನ ನಿಮ್ಮ ಲೆಕ್ಕ ನೋಡೋರಿಗೆ ತೋರಿಸಿ, ಯಾಕಂದ್ರೆ ಕೆಲವು ತೆರಿಗೆ ಮಿತಿಗಳು ಮಾರಾಟದ ಮೊತ್ತದ ಮೇಲೆ ನಿಂತಿರ್ತವೆ.

ನೂಲುಬುಟ್ಟಿ

ಆ ಶೀಟ್ ಬರುತ್ತೆ ಸರ್, ನಾನು ಕೆಳಗಿನ ಮೊತ್ತ ಮಾತ್ರ ನೋಡಿ ಮುಚ್ತಿದ್ದೆ. ಇವತ್ತೇ ತೆಗೀತೀನಿ.

ಹಳೇಖಾತೆ

ನಾನು ಈ ಕೆಲಸದಲ್ಲಿ ಇಪ್ಪತ್ತೈದು ವರ್ಷ. ಸುಲಭ ಇದೆ ಇದು. ನಾಲ್ಕು ಪ್ರಶ್ನೆ ಕೇಳ್ಬೇಕು: ಸರಕು ಒದಗಿಸೋ ಜವಾಬ್ದಾರಿ ಯಾರದು, ಸ್ಟಾಕ್ ಉಳಿದ್ರೆ ನಷ್ಟ ಯಾರಿಗೆ, ಬೆಲೆ ಯಾರು ಕಟ್ತಾರೆ, ಗಿರಾಕಿ ದುಡ್ಡು ಕೊಡದೆ ಹೋದ್ರೆ ಮುಳುಗೋದು ಯಾರು. ನಾಲ್ಕಕ್ಕೆ ಮೂರು ನಿಮ್ಮ ಕಡೆ ಬಂದ್ರೆ ಗ್ರಾಸ್, ಅಂದ್ರೆ ಪೂರ್ತಿ 1000 ರೆವಿನ್ಯೂ, ಇಲ್ಲಾಂದ್ರೆ ನೆಟ್, ಅಂದ್ರೆ 120 ಮಾತ್ರ. ಹೊಸಲೆಡ್ಜರ್ ಕಂಪನಿಯಲ್ಲಿ ಕಾರ್ಡ್ ಪೇಮೆಂಟ್ ರಿವರ್ಸ್ ಆದ್ರೆ ನಷ್ಟ ಕಂಪನಿಗೇ ಆಗುತ್ತೆ, ಕಂಪ್ಲೇಂಟ್‌ಗೆ ಫೋನ್ ಎತ್ತೋದೂ ಅವ್ರೇ, ಆಗ್ಲೇ ಎರಡು ಆಯ್ತು.

ತಾಳೆಪಟ್ಟಿ

ಹಳೇಖಾತೆ ಸರ್, ನಿಮ್ಮ ಅನುಭವಕ್ಕೆ ಗೌರವ ಇದೆ, ನೀವು ಹೇಳಿದ ನಾಲ್ಕೂ ಹಳೇ ಸ್ಟ್ಯಾಂಡರ್ಡ್ ಐಎಎಸ್ 18ರಲ್ಲಿ ಇದ್ವು. ಆದ್ರೆ ಎರಡು ವಿಷಯ ಬದಲಾಗಿದೆ. ದುಡ್ಡು ಮುಳುಗೋ ರಿಸ್ಕ್ ಅನ್ನೋದನ್ನ ಐಎಫ್‌ಆರ್‌ಎಸ್ 15ರ 2016ರ ತಿದ್ದುಪಡಿಯಲ್ಲಿ ಪಟ್ಟಿಯಿಂದಲೇ ತೆಗೆದ್ರು, ಯಾಕಂದ್ರೆ ಏಜೆಂಟ್ ಕೂಡ ಆ ರಿಸ್ಕ್ ಹೊರಬಹುದು, ಅದರಿಂದ ವಸ್ತು ಅವನದಾಗಲ್ಲ. ಎರಡನೇದು ಇನ್ನೂ ಮುಖ್ಯ, ಉಳಿದ ಮೂರು ಈಗ ಮತ ಎಣಿಸೋ ಪಟ್ಟಿ ಅಲ್ಲ. ಹಿಡಿತ ಯಾರದು ಅನ್ನೋ ಪ್ರಶ್ನೆಗೆ ಉತ್ತರ ಹುಡುಕೋಕೆ ಸಹಾಯ ಮಾಡೋ ಸುಳಿವುಗಳು ಅಷ್ಟೇ.

ಮತ್ತೆ ಫೋನ್ ಎತ್ತೋದು ಅಂದ್ರೆ ಜವಾಬ್ದಾರಿ ಹೊರೋದು ಅಲ್ಲ. ಬ್ಯಾಗ್ ಹರಿದಿತ್ತು ಅಂತ ಗಿರಾಕಿ ಫೋನ್ ಮಾಡಿದ್ರು, ಸೈಟ್‌ನವ್ರು 1000 ವಾಪಸ್ ಕೊಟ್ರು, ಆಮೇಲೆ ಆ ದುಡ್ಡನ್ನ ಸೆಲ್ಲರ್‌ನ ಮುಂದಿನ ಸೆಟಲ್‌ಮೆಂಟ್‌ನಲ್ಲಿ ಮುರ್ಕೊಂಡ್ರು ಅಂದ್ರೆ ಕೊನೆಗೆ ಹೊತ್ತಿದ್ದು ಸೆಲ್ಲರ್. ಹೊಸಲೆಡ್ಜರ್ ಅವ್ರು ಮಾಡ್ಬೇಕಾದ್ದು ಇದು, ರಿಟರ್ನ್ ಆದ ಹತ್ತು ಆರ್ಡರ್ ತಗೊಂಡು ದುಡ್ಡು ಕೊನೆಗೆ ಯಾರ ಜೇಬಿಂದ ಹೋಯ್ತು ಅಂತ ನೋಡೋದು. ಒಪ್ಪಂದ ಒಂದು ಹೇಳುತ್ತೆ, ನಡೆಯೋದು ಇನ್ನೊಂದು ಇರುತ್ತೆ, ಈ ಹತ್ತು ಆರ್ಡರ್‌ನಲ್ಲಿ ಅದು ಗೊತ್ತಾಗುತ್ತೆ.

ಷೇರುನೋಟ

ನಾನು ಕಂಪನಿಗಳ ವಾರ್ಷಿಕ ವರದಿ ಓದೋನು, ಲೆಕ್ಕ ಬರೆಯೋನಲ್ಲ. ಲಾಭ ಎರಡರಲ್ಲೂ 120ನೇ ಆಗಿದ್ರೆ ಇಷ್ಟು ಜಗಳ ಯಾಕೆ ಅಂತ ಕೇಳೋರಿಗೆ ಹೇಳ್ತೀನಿ. ಮಾರುಕಟ್ಟೆಯಲ್ಲಿ ಲಾಭವೇ ಇಲ್ಲದ ಹೊಸ ಕಂಪನಿಗಳಿಗೆ ಬೆಲೆ ಕಟ್ಟೋದು ರೆವಿನ್ಯೂನ ಎಷ್ಟೋ ಪಟ್ಟು ಅಂತ ಲೆಕ್ಕ ಹಾಕಿ. ಅಲ್ಲಿ 120ರ ಬದಲು 1000 ಅಂತ ಬರೆದ್ರೆ ಕಂಪನಿಯ ಬೆಲೆನೇ ಬೇರೆ ಕಾಣುತ್ತೆ. ಗ್ರೂಪಾನ್ ಉದಾಹರಣೆ ಎಲ್ರೂ ಒಮ್ಮೆ ನೋಡ್ಬೇಕು. ಹೋಟೆಲ್, ಸಲೂನ್‌ಗಳ ಡಿಸ್ಕೌಂಟ್ ವೋಚರ್ ಮಾರ್ತಿದ್ದ ಕಂಪನಿ, 2010ರ ರೆವಿನ್ಯೂ 713.4 ಮಿಲಿಯನ್ ಡಾಲರ್ ಅಂತ ತೋರಿಸಿತ್ತು. 2011ರಲ್ಲಿ ಷೇರು ಮಾರುಕಟ್ಟೆಗೆ ಬರೋಕೆ ಮುಂಚೆ ಅದನ್ನ ತಿದ್ದಿ 312.9 ಮಿಲಿಯನ್ ಮಾಡ್ತು. ಒಂದು ವೋಚರೂ ಕಮ್ಮಿ ಮಾರಾಟ ಆಗಿರ್ಲಿಲ್ಲ. ವ್ಯಾಪಾರಿಗಳಿಗೆ ಕೊಡಬೇಕಾದ ಪಾಲು ಅದುವರೆಗೂ ರೆವಿನ್ಯೂ ಒಳಗೆ ಕೂತಿತ್ತು, ಅದನ್ನ ಹೊರಗೆ ತೆಗೆದ್ರು.

ಹೊಸಲೆಡ್ಜರ್, ನಿಮ್ಮ ಮ್ಯಾನೇಜ್‌ಮೆಂಟ್‌ಗೆ ಹೇಳಿ, 1000 ಎಲ್ಲೂ ಕಳೆದುಹೋಗಿಲ್ಲ. ಅದನ್ನ ಒಟ್ಟು ವಹಿವಾಟು, ಜಿಎಂವಿ ಅಂತ ಬೇರೆ ಸಾಲಿನಲ್ಲಿ ತೋರಿಸಬಹುದು, ರೆವಿನ್ಯೂ ಅನ್ನೋ ಹೆಸರು ಮಾತ್ರ ಹಾಕೋ ಹಾಗಿಲ್ಲ. ನಾನಂತೂ ಎರಡೂ ನೋಡ್ತೀನಿ, 120ನ್ನ 1000ದಿಂದ ಭಾಗಿಸಿದ್ರೆ ನೂರಕ್ಕೆ 12 ಬರುತ್ತೆ, ಆ 12 ವರ್ಷದಿಂದ ವರ್ಷಕ್ಕೆ ಏರ್ತಿದ್ಯಾ ಇಳೀತಿದ್ಯಾ ಅನ್ನೋದೇ ಇಂಥ ಕಂಪನಿಯಲ್ಲಿ ನನಗೆ ಬೇಕಾದ ಮಾಹಿತಿ. ಇದ್ದಕ್ಕಿದ್ದ ಹಾಗೆ 12 ಇದ್ದದ್ದು 40 ಆದ್ರೆ ಕಮಿಷನ್ ಏರಿಲ್ಲ, ಯಾವುದೋ ಒಂದು ವಿಭಾಗವನ್ನ ನೆಟ್‌ನಿಂದ ಗ್ರಾಸ್‌ಗೆ ತಂದಿದ್ದಾರೆ ಅಂತ ಅನುಮಾನ ಪಡ್ತೀನಿ, ತಕ್ಷಣ ಅಕೌಂಟಿಂಗ್ ಪಾಲಿಸಿಯ ಟಿಪ್ಪಣಿ ತೆಗೆದು ಓದ್ತೀನಿ.

ಕೋಡುಕಟ್ಟೋನು

ಸರಿ, ದುಡ್ಡಿನ ದಾರಿ ಬಗ್ಗೆ ನಾನು ಹೇಳಿದ್ದು ತಪ್ಪು, ಒಪ್ಕೋತೀನಿ. ಆದ್ರೆ ಗೋಡೌನ್? ನಾನು ಮುಂಚೆ ಇದ್ದ ಕಡೆ ಸೆಲ್ಲರ್‌ಗಳ ಸರಕೆಲ್ಲ ನಮ್ಮ ಗೋಡೌನ್‌ನಲ್ಲೇ ಇರ್ತಿತ್ತು, ಪ್ಯಾಕ್ ಮಾಡಿ ಕಳಿಸ್ತಿದ್ದಿದ್ದೂ ನಾವೇ, ಪೆಟ್ಟಿಗೆ ಮೇಲೆ ನಮ್ಮದೇ ಹೆಸರು. ಗಿರಾಕಿಗೆ ಸೆಲ್ಲರ್ ಯಾರು ಅಂತ ಗೊತ್ತೇ ಆಗ್ತಿರ್ಲಿಲ್ಲ. ಅದಾದ್ರೂ ಗ್ರಾಸ್ ಅಲ್ವಾ?

ತಾಳೆಪಟ್ಟಿ

ಸ್ಟಾಕ್ ಮಾರಾಟ ಆಗದೆ ಧೂಳು ಹಿಡಿದ್ರೆ ಯಾರು ಅಳ್ತಿದ್ರು ಅಂತ ನೆನಪಿದ್ರೆ ಉತ್ತರ ಅಲ್ಲೇ ಇದೆ. ಸೆಲ್ಲರ್ ಫೋನ್ ಮಾಡಿ ನನ್ನ ಸರಕು ವಾಪಸ್ ಕಳಿಸಿ ಅಂದ್ರೆ ಕಳಿಸ್ಲೇಬೇಕಿತ್ತು, ಉಳಿದ್ರೆ ನಷ್ಟ ಅವ್ರದು, ಮೇಲಿಂದ ನಿಮ್ಮ ಕಂಪನಿಗೆ ಗೋಡೌನ್ ಬಾಡಿಗೆ ಬೇರೆ ಕೊಡ್ತಿದ್ರು ಅಂತಾದ್ರೆ ಅದು ಇಟ್ಕೊಳ್ಳೋ ಸೇವೆ. ವಸ್ತುವಿನ ವಿಷಯದಲ್ಲಿ ಏಜೆಂಟೇ.

ಆದ್ರೆ ಒಂದೇ ಆರ್ಡರ್‌ನಲ್ಲಿ ಎರಡು ಮಾತು ಕೊಟ್ಟಿರಬಹುದು ಅನ್ನೋದನ್ನ ಮರೀಬೇಡಿ. ಗಿರಾಕಿ 1000ದ ಜೊತೆ 50 ಡೆಲಿವರಿ ಚಾರ್ಜ್ ಕಟ್ಟಿದ್ರು, ಡೆಲಿವರಿ ಸೈಟ್‌ನವ್ರದೇ ಜವಾಬ್ದಾರಿ, ಕೊರಿಯರ್ ಕಂಪನಿ ಯಾವುದು, ಎಷ್ಟಕ್ಕೆ ಅನ್ನೋದೆಲ್ಲ ಅವ್ರೇ ಗೊತ್ತುಮಾಡ್ತಾರೆ, ದಾರೀಲಿ ಕಳೆದುಹೋದ್ರೆ ನಷ್ಟವೂ ಅವ್ರದು ಅಂದ್ರೆ ಡೆಲಿವರಿ ಮಟ್ಟಿಗೆ ಅವ್ರು ಪ್ರಿನ್ಸಿಪಾಲ್ ಆಗಬಹುದು. ಆಗ ರೆವಿನ್ಯೂ 120 ಮತ್ತು 50, ಕೊರಿಯರ್‌ಗೆ ಕೊಟ್ಟದ್ದು ಖರ್ಚು. ಕಂಪನಿ ಏಜೆಂಟಾ ಪ್ರಿನ್ಸಿಪಾಲಾ ಅಂತ ಒಂದೇ ಸಲಕ್ಕೆ ಕೇಳೋದು ಅದಕ್ಕೇ ತಪ್ಪು, ಗಿರಾಕಿಗೆ ಕೊಟ್ಟ ಒಂದೊಂದು ಮಾತಿಗೂ ಬೇರೆ ಬೇರೆ ಕೇಳ್ಬೇಕು.

ಸ್ಟ್ಯಾಂಡರ್ಡ್ ಜೊತೆಗಿರೋ ಉದಾಹರಣೆಗಳಲ್ಲಿ ಎರಡನ್ನ ಪಕ್ಕಪಕ್ಕ ಇಟ್ಟು ಓದಿ, ನನಗೆ ಇದು ತಲೆಗೆ ಹತ್ತಿದ್ದೇ ಹಾಗೆ. ಒಂದು ವಿಮಾನ ಟಿಕೆಟ್, 47ನೇ ಉದಾಹರಣೆ. ಕಂಪನಿ ಏರ್‌ಲೈನ್ಸ್‌ನವ್ರ ಹತ್ರ ಕಮ್ಮಿ ರೇಟಿಗೆ ಇಂತಿಷ್ಟು ಟಿಕೆಟ್ ತಗೋತೀನಿ ಅಂತ ಒಪ್ಪಿಕೊಂಡಿದೆ, ಮಾರಾಟ ಆಗ್ಲಿ ಬಿಡ್ಲಿ ದುಡ್ಡು ಕೊಡ್ಲೇಬೇಕು, ಮಾರೋ ಬೆಲೆ ಅದರದೇ. ಅದು ಪ್ರಿನ್ಸಿಪಾಲ್. ವಿಮಾನ ಹಾರಿಸೋದು ಏರ್‌ಲೈನ್ಸೇ ಆದ್ರೂ, ಆ ಸೀಟಿನ ಹಕ್ಕು ಗಿರಾಕಿಗೆ ಹೋಗೋ ಮುಂಚೆ ಕಂಪನಿಯ ಹಿಡಿತದಲ್ಲಿತ್ತು. ಇನ್ನೊಂದು ರೆಸ್ಟೋರೆಂಟ್ ವೋಚರ್, 48ನೇದು. ಅಲ್ಲಿ ಕಂಪನಿ ವೋಚರ್‌ಗಳನ್ನ ಮುಂಚೆ ಕೊಳ್ಳೋದೂ ಇಲ್ಲ, ಕೊಳ್ತೀನಿ ಅಂತ ಮಾತು ಕೊಡೋದೂ ಇಲ್ಲ, ಗಿರಾಕಿ ಕೇಳಿದ ಮೇಲಷ್ಟೇ ವೋಚರ್ ಹುಟ್ಟುತ್ತೆ. ಅದು ಏಜೆಂಟ್, ಅದರ ಪಾಲಿನ 30 ಪರ್ಸೆಂಟ್ ಮಾತ್ರ ರೆವಿನ್ಯೂ. ಎರಡರಲ್ಲೂ ಕಂಪನಿ ಒಂದು ಹಕ್ಕನ್ನ ಮಾರ್ತಿದೆ, ಗಿರಾಕಿ ಬರೋ ಮುಂಚೆ ಆ ಹಕ್ಕು ಕಂಪನಿ ಕೈಯಲ್ಲಿತ್ತಾ ಅನ್ನೋದೊಂದೇ ಬೇರೆ.

ಹಳೇಖಾತೆ

2016ರ ಬದಲಾವಣೆ ನನ್ನ ಗಮನಕ್ಕೆ ಬಂದಿರ್ಲಿಲ್ಲ, ತೆಗೆದು ಓದಿದೆ, ತಾಳೆಪಟ್ಟಿ ಹೇಳಿದ್ದು ಸರಿ ಇದೆ. ಒಂದು ಸೇರಿಸ್ತೀನಿ. ಕೆಲವು ಕಡೆ ಒಪ್ಪಂದದಲ್ಲಿ "ಆರ್ಡರ್ ಬಂದ ತಕ್ಷಣ ಸರಕು ಸೈಟ್‌ಗೆ ಮಾರಾಟವಾಗಿ ಅಲ್ಲಿಂದ ಗಿರಾಕಿಗೆ ಮಾರಾಟವಾಗುತ್ತದೆ" ಅಂತ ಒಂದು ಸಾಲು ಬರೆಸಿರ್ತಾರೆ, ಗ್ರಾಸ್ ತೋರಿಸೋಕೆ ಅಂತಾನೇ. ಕಾಗದದ ಮೇಲೆ ಒಂದು ಕ್ಷಣ ಒಡೆತನ ಬಂದು ಹೋದ್ರೆ ಅಷ್ಟಕ್ಕೇ ಹಿಡಿತ ಬಂತು ಅನ್ನೋಕಾಗಲ್ಲ, ಅದನ್ನ ಸ್ಟ್ಯಾಂಡರ್ಡ್‌ನಲ್ಲೇ ಬರೆದಿದೆ. ನಾನು ನೋಡಿದ ಒಂದು ಕಂಪನಿಯಲ್ಲಿ ಆಡಿಟರ್ ಆ ಸಾಲನ್ನ ಓದಿ ಪಕ್ಕಕ್ಕಿಟ್ಟು ನೆಟ್ ಮಾಡ್ಸಿದ್ರು.

ಹೊಸಲೆಡ್ಜರ್

ಎಲ್ರಿಗೂ ತುಂಬಾ ಥ್ಯಾಂಕ್ಸ್. ಹತ್ತು ರಿಟರ್ನ್ ತೆಗೆದು ನೋಡಿದೆ, ಒಂಬತ್ತರಲ್ಲಿ ಸೆಲ್ಲರ್ ಹತ್ರಾನೇ ಮುರ್ಕೊಂಡಿದ್ದೀವಿ, ಒಂದರಲ್ಲಿ ಮಾತ್ರ ಸೆಲ್ಲರ್ ಅಕೌಂಟ್ ಮುಚ್ಚಿ ಹೋಗಿದ್ರಿಂದ ನಾವು ಹೊತ್ತಿದ್ದೀವಿ. ಸೋ ಅದು ಏಜೆಂಟ್ ಅಂತ ನನಗೆ ಈಗ ಪೂರ್ತಿ ಮನಸ್ಸಿಗೆ ಬಂತು, ಮ್ಯಾನೇಜ್‌ಮೆಂಟ್‌ಗೂ ಹಾಗೇ ಬಿಡಿಸಿ ಹೇಳ್ತೀನಿ.

ಆದ್ರೆ ನೋಡ್ತಾ ನೋಡ್ತಾ ಇನ್ನೊಂದು ಸಿಕ್ತು. ಒಬ್ಬ ಬ್ಯಾಗ್ ತಯಾರಕರ ಹತ್ರ 500 ಪೀಸ್ ನಾವು ತರಿಸಿ ಗೋಡೌನ್‌ನಲ್ಲಿ ಇಟ್ಟಿದ್ದೀವಿ, ಒಂದಕ್ಕೆ 700ರ ಹಾಗೆ. ಮಾರೋ ಬೆಲೆ ನಮ್ಮದೇ, 1000ಕ್ಕೆ ಮಾರ್ತಿದ್ದೀವಿ. 90 ದಿನದೊಳಗೆ ಮಾರಾಟ ಆಗದೆ ಉಳಿದದ್ದನ್ನ ವಾಪಸ್ ಕೊಡಬಹುದು. ಇದನ್ನೂ ನಾನು ಬೇರೆದರ ಜೊತೆ ಸೇರಿಸಿ ನೆಟ್‌ನಲ್ಲೇ ಹಾಕಿದ್ದೀನಿ. ತಪ್ಪಾ?

ಹಳೇಖಾತೆ

ವಾಪಸ್ ಕೊಡಬಹುದು ಅಂದ್ರೆ ಅದು ಕನ್‌ಸೈನ್‌ಮೆಂಟ್, ಸರಕು ಅವ್ರದೇ, ಮಾರೋಕೆ ಮಾತ್ರ ನಿಮ್ಮ ಹತ್ರ ಇಟ್ಟಿರೋದು. ಉಳಿದ್ರೆ ನಷ್ಟ ನಿಮಗಿಲ್ಲ. ನೆಟ್ ಸರಿ ಇದೆ.

ತಾಳೆಪಟ್ಟಿ

ನಾನು ಅಷ್ಟು ಬೇಗ ಹೇಳಲ್ಲ. ಎರಡು ವಿಷಯ ಬೇಕು. ಆ 90 ದಿನದಲ್ಲಿ ತಯಾರಕರು ಬಂದು ನನ್ನ ಸರಕು ಕೊಡಿ, ಬೇರೆಯವ್ರಿಗೆ ಮಾರ್ತೀನಿ ಅಂದ್ರೆ ಕೊಡ್ಲೇಬೇಕಾ? ಮತ್ತೆ ನೀವು ಅವ್ರಿಗೆ ದುಡ್ಡು ಕೊಡೋದು ಯಾವಾಗ, ಮಾರಾಟ ಆದ್ಮೇಲಾ, ಅಥವಾ ಸರಕು ಬಂದು ಇಷ್ಟು ದಿನಕ್ಕೆ ಅಂತಾನಾ?

ಹೊಸಲೆಡ್ಜರ್

ಒಪ್ಪಂದ ತೆಗೆದು ಓದಿದೆ. ಅವ್ರು ವಾಪಸ್ ಕೇಳೋ ಹಕ್ಕು ಎಲ್ಲೂ ಇಲ್ಲ, ವಾಪಸ್ ಕೊಡೋ ಹಕ್ಕು ನಮಗೆ ಮಾತ್ರ. ದುಡ್ಡು ಸರಕು ಬಂದ 45 ದಿನಕ್ಕೆ ಪೂರ್ತಿ 500ಕ್ಕೂ ಕೊಡಬೇಕು, ಆಮೇಲೆ ವಾಪಸ್ ಕಳಿಸಿದ್ದಕ್ಕೆ ಅವ್ರು ನಮಗೆ ಹಿಂದಿರುಗಿಸ್ತಾರೆ. ಇಲ್ಲಿವರೆಗೆ 340 ಮಾರಾಟ ಆಗಿದೆ, 110 ವಾಪಸ್ ಹೋಗಿದೆ, 50 ಗೋಡೌನ್‌ನಲ್ಲಿದೆ.

ತಾಳೆಪಟ್ಟಿ

ಹಾಗಾದ್ರೆ ನಾನು ಗ್ರಾಸ್ ಕಡೆ ವಾಲ್ತೀನಿ. ಅವ್ರು ಕಿತ್ಕೊಳ್ಳೋಕಾಗಲ್ಲ, ಯಾರಿಗೆ ಎಷ್ಟಕ್ಕೆ ಅನ್ನೋದು ನಿಮ್ಮದು, ದುಡ್ಡು ಮಾರಾಟಕ್ಕೆ ಕಾಯದೆ ಕೊಡ್ತೀರ. 340 ಪೀಸ್ ಅಂದ್ರೆ ರೆವಿನ್ಯೂ 3,40,000, ಅದರ ಖರೀದಿ 2,38,000, ಉಳಿಯೋದು 1,02,000. ನೆಟ್‌ನಲ್ಲಿ ಹಾಕಿದ್ರೆ ರೆವಿನ್ಯೂನೇ 1,02,000. ವಾಪಸ್ ಕೊಡೋ ಹಕ್ಕು ರಿಸ್ಕ್ ಕಮ್ಮಿ ಮಾಡುತ್ತೆ ನಿಜ, ಆದ್ರೆ ಬೇಡವಾದದ್ದನ್ನ ಹಿಂದಕ್ಕೆ ಕೊಡೋ ಹಕ್ಕು ಇದೆ ಅಂತ ಕೈಯಲ್ಲಿರೋದರ ಹಿಡಿತ ಹೋಗಲ್ಲ.

ಹಳೇಖಾತೆ

ನಾನು ಇನ್ನೂ ಒಪ್ಪಿಲ್ಲ. 500ರಲ್ಲಿ 110 ಆಗ್ಲೇ ವಾಪಸ್ ಹೋಗಿದೆ ಅಂದ್ರೆ ಆ ಹಕ್ಕು ಬರೀ ಹೆಸರಿಗೆ ಇರೋದಲ್ಲ, ನಿಜವಾಗ್ಲೂ ಬಳಸ್ತಿದ್ದಾರೆ. ಸ್ಟಾಕ್ ಉಳಿಯೋ ನಷ್ಟ ತಯಾರಕರೇ ಹೊರ್ತಿದ್ದಾರೆ. ಆಡಿಟರ್ ಮುಂದೆ ಇಟ್ರೆ ಎರಡೂ ಕಡೆ ವಾದ ಬರುತ್ತೆ. ಒಂದು ಕೇಳ್ತೀನಿ, ಆ ಉಳಿದ 50 ಪೀಸ್ ನಿಮ್ಮ ಪುಸ್ತಕದಲ್ಲಿ ಸ್ಟಾಕ್ ಅಂತ ಇದ್ಯಾ? ತಾಳೆಪಟ್ಟಿ ಹೇಳಿದ ಹಾಗೆ ಹಿಡಿತ ನಿಮ್ಮದಾದ್ರೆ 35,000 ಅಲ್ಲಿ ಕಾಣ್ಬೇಕು. ಇಲ್ಲ ಅಂದ್ರೆ ಅದಕ್ಕೆ ಕೊಟ್ಟ ದುಡ್ಡು ಎಲ್ಲಿ ಕೂತಿದೆ?

ತಾಳೆಪಟ್ಟಿ

ಒಳ್ಳೆ ಪ್ರಶ್ನೆ ಸರ್. ಮಾರಾಟದಲ್ಲಿ ಒಂದು ಉತ್ತರ, ಸ್ಟಾಕ್‌ನಲ್ಲಿ ಇನ್ನೊಂದು ಉತ್ತರ ಇಟ್ಕೊಳ್ಳೋಕಾಗಲ್ಲ.

ಹೊಸಲೆಡ್ಜರ್

ಈಗ ನೋಡಿದೆ. 45ನೇ ದಿನ ಕೊಟ್ಟ 3,50,000 "ಸೆಲ್ಲರ್‌ಗಳಿಗೆ ಅಡ್ವಾನ್ಸ್" ಅನ್ನೋ ಖಾತೆಯಲ್ಲಿ ಹಾಕಿ ಅದರಲ್ಲೇ ಕಳೀತಾ ಬಂದಿದ್ದಾರೆ, ಈಗ ಅಲ್ಲಿ ಸರಿಯಾಗಿ 35,000 ಉಳಿದಿದೆ. ಸ್ಟಾಕ್ ಅಂತ ಎಲ್ಲೂ ಇಲ್ಲ. ಆ ಎಂಟ್ರಿ ನಾನು ಮಾಡಿದ್ದಲ್ಲ. ಒಪ್ಪಂದ, ಈ ಖಾತೆ, 110 ವಾಪಸ್ ಹೋದ ದಾಖಲೆ ಮೂರನ್ನೂ ಪ್ರಿಂಟ್ ತೆಗೆದಿದ್ದೀನಿ, ನಾಳೆ ಆಡಿಟರ್ ಬರ್ತಾರೆ.